ದುಬೈ ಬಿಟ್ಟು ಊರಿಗೇ ಬರುತ್ತಿದ್ದೇನೆ, ಫೋಟೋ ಕೆಳಗೆ ಏನು ಬರೆಯಲಿ?

ಬೈಂದೂರಿನವ: 14 ವರ್ಷ ದುಬೈ, ಶಾರ್ಜಾದಲ್ಲಿ ದುಡಿದೆ. ಅಕ್ಟೋಬರ್ 20ಕ್ಕೆ ಮಂಗಳೂರಿಗೆ ಟಿಕೆಟ್ ಆಗಿದೆ. ವೀಸಾ ಕ್ಯಾನ್ಸಲ್, ಇನ್ನು ಹೋಗುವುದಿಲ್ಲ. ಏರ್‌ಪೋರ್ಟಿನ ಫೋಟೋ ಹಾಕುವ ಆಸೆ ಇದೆ. ಹೋದದ್ದರ ಬಗ್ಗೆ ಅಲ್ಲ, ಬಂದದ್ದರ ಬಗ್ಗೆ ಒಂದು ಸಾಲು ಬೇಕು. ಹೀಗೆ ಬಂದವರು ನಿಮ್ಮ ಅನುಭವ ಹೇಳಿ.

ಕಾರ್ಕಳದ ಹಳಬ: ನಾನು 2017ರಲ್ಲಿ ಬಂದವನು. "ಈ ಸಲ ರಿಟರ್ನ್ ಟಿಕೆಟ್ ಇಲ್ಲ" ಅಂತ ಬರೆದಿದ್ದೆ. ಬೇಕಾದರೆ ತೆಗೆದುಕೊಳ್ಳಿ. ಆದರೆ ಆ ಫೋಟೋ ಹಾಕಿದ ದಿನ ನನ್ನ ಕೈಯಲ್ಲಿ ಎಷ್ಟು ಹಣ ಇತ್ತು ಅಂತ ಕೇಳಿ.

ನನಗೆ ಸಂಬಳ 7,000 ದಿರ್ಹಮ್. 12 ವರ್ಷ ಆಗಿತ್ತು. ವರ್ಷಕ್ಕೆ ಒಂದು ತಿಂಗಳ ಲೆಕ್ಕದಲ್ಲಿ 84,000 ಗ್ರಾಚ್ಯುಟಿ ಬರುತ್ತದೆ ಅಂತ ಮನೆಯಲ್ಲಿ ಹೇಳಿಟ್ಟಿದ್ದೆ. ಅದನ್ನೇ ನಂಬಿ ತಮ್ಮ ಅಂಗಡಿಗೆ ಅಡ್ವಾನ್ಸ್ ಕೊಟ್ಟ. ಆದರೆ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ. ನನ್ನ ಬೇಸಿಕ್ 3,000, ಅಂದರೆ ದಿನಕ್ಕೆ 100. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದಂತೆ 10,500. ಉಳಿದ 7 ವರ್ಷಕ್ಕೆ ವರ್ಷಕ್ಕೆ 30 ದಿನದಂತೆ 21,000. ಒಟ್ಟು 31,500. ರೂಮ್ ಬಾಡಿಗೆ, ಓಡಾಟ ಅಂತ ಸಂಬಳದಲ್ಲಿ ಸೇರಿಸಿ ಕೊಟ್ಟದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಆ 31,500 ಕೂಡ ಕೈಗೆ ಬರಲಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ 6,200 ಬಾಕಿ ಇತ್ತು. ಕಂಪನಿಯವರು ಹಣ ಹಾಕುವಾಗ ಫೈನಲ್ ಸೆಟಲ್‌ಮೆಂಟ್ ಅಂತ ನಮೂದಿಸಿದರು, ಅದನ್ನು ನೋಡಿ ಬ್ಯಾಂಕಿನವರು ಇಡೀ ಖಾತೆ ತಡೆ ಹಿಡಿದರು. 6,200 ಕತ್ತರಿಸಿಕೊಂಡು ಉಳಿದದ್ದು ಕೊಡಿ ಅಂದೆ. ಕಾರ್ಡ್ ಮುಚ್ಚಿ ಕ್ಲಿಯರೆನ್ಸ್ ಲೆಟರ್ ಆಗುವವರೆಗೆ ಆಗುವುದಿಲ್ಲ ಅಂದರು. ನನ್ನ ವಿಮಾನಕ್ಕೆ 4 ದಿನ ಇತ್ತು, ಹೊರಟು ಬಂದೆ. ಹಣ ಊರಿಗೆ ಬರಲು ಎರಡೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಂಗಡಿಯ ಅಡ್ವಾನ್ಸ್ ಹೋಯಿತು. ತಮ್ಮ ಈಗಲೂ ಆ ಮಾತು ತೆಗೆಯುತ್ತಾನೆ.

ಕಾರ್ಡನ್ನು ಎರಡು ತಿಂಗಳು ಮೊದಲೇ ಮುಚ್ಚಿ. ಲೆಟರ್ ಕೈಗೆ ಬಂದ ಮೇಲೆ ರಾಜೀನಾಮೆ ಕೊಡಿ.

ಶಿರಸಿ ಮಾಣಿ: ಅಕ್ಟೋಬರ್ 20 ಒಳ್ಳೆಯ ದಿನ. ಅಕ್ಟೋಬರ್ 1 ದಾಟಿ ಬಂದರೆ ಆ ಹಣಕಾಸು ವರ್ಷದಲ್ಲಿ 182 ದಿನ ಆಗುವುದಿಲ್ಲ, ನೀವು ಇನ್ನೂ ಎನ್‌ಆರ್‌ಐ. ಮಾರ್ಚ್ ತನಕ ಎನ್‌ಆರ್‌ಇ ಖಾತೆ ಮುಟ್ಟಬೇಡಿ. ಬ್ಯಾಂಕಿಗೆ ಸುಮ್ನೆ ಹೇಳಲು ಹೋಗಬೇಡಿ. ಬಡ್ಡಿಗೆ ತೆರಿಗೆ ಇಲ್ಲ, ಬಿಡುವುದು ಯಾಕೆ? ನಾನು ಮಸ್ಕತ್‌ನಿಂದ ಬಂದು ಒಂದೂವರೆ ವರ್ಷ ಹಾಗೇ ಇಟ್ಟಿದ್ದೇನೆ, ಏನೂ ಆಗಿಲ್ಲ.

ಮಲ್ಪೆ ಅಕ್ಕ: ಏನೂ ಆಗಿಲ್ಲ ಅಂದರೆ ಇನ್ನೂ ಆಗಿಲ್ಲ ಅಂತ, ಅಷ್ಟೇ. ನಾನು 26 ವರ್ಷ ಬ್ಯಾಂಕಿನ ಎನ್‌ಆರ್‌ಐ ಕೌಂಟರಿನಲ್ಲಿ ಕೂತವಳು. ಅರ್ಧ ಸರಿಯಾದ ಈ ಮಾತಿನಿಂದಲೇ ಕೌಂಟರಿಗೆ ಬಂದು ಅತ್ತವರನ್ನು ನೋಡಿದ್ದೇನೆ.

ದಿನ ಎಣಿಸುವುದು ಆದಾಯ ತೆರಿಗೆಯವರು. ಬ್ಯಾಂಕ್ ಖಾತೆಗೆ ಇರುವುದು ಫೆಮಾ ಅನ್ನುವ ವಿದೇಶಿ ಹಣದ ಕಾನೂನು, ಅದು ದಿನ ಎಣಿಸಿಕೊಂಡು ಕೂರುವುದಿಲ್ಲ. ಇನ್ನು ಹೋಗುವುದಿಲ್ಲ ಅಂತ ಬಂದು ಇಳಿದಿರಿ ಅಂದರೆ ಆ ದಿನದಿಂದಲೇ ನೀವು ಇಲ್ಲಿನವರು. ಎನ್‌ಆರ್‌ಇ ಖಾತೆಯನ್ನು ತಡ ಮಾಡದೆ ಸಾಮಾನ್ಯ ಖಾತೆ ಮಾಡಿಸಬೇಕು. ಡಾಲರಿನಲ್ಲೇ ಇರಲಿ ಅಂದರೆ ಆರ್‌ಎಫ್‌ಸಿ ಖಾತೆಗೆ ಹಾಕಬೇಕು. ಎನ್‌ಆರ್‌ಇ ಎಫ್‌ಡಿ ಒಡೆಯಬೇಕಾಗಿಲ್ಲ, ಅದೇ ಬಡ್ಡಿ ದರದಲ್ಲಿ ಅವಧಿ ಮುಗಿಯುವವರೆಗೆ ಇರುತ್ತದೆ. ಆದರೆ ಇಳಿದ ದಿನದಿಂದ ಅದರ ಬಡ್ಡಿಗೆ ತೆರಿಗೆ ಇದೆ. ಹೊರಗಿನ ಕರೆನ್ಸಿಯಲ್ಲೇ ಇಟ್ಟ ಎಫ್‌ಸಿಎನ್‌ಆರ್ ಡಿಪಾಸಿಟ್ ಇದ್ದರೆ ಅದರ ದಾರಿ ಬೇರೆ, ಅವಧಿ ತನಕ ಹಾಗೇ ಬಿಡಬಹುದು.

ಬೈಂದೂರಿನವರೇ, ಈ ವರ್ಷ ಏಪ್ರಿಲ್ ನಂತರ ರಜೆಗೆ ಬಂದಿದ್ದಿರಾ?

ಬೈಂದೂರಿನವ: ಹೌದು ಅಕ್ಕ. ಮೇ ತಿಂಗಳಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಇತ್ತು. 40 ದಿನ ಇದ್ದೆ. ಪ್ರತಿ ವರ್ಷ ಸುಮಾರು ಅಷ್ಟೇ.

ಮಲ್ಪೆ ಅಕ್ಕ: ಹಾಗಾದರೆ ಶಿರಸಿಯವರ ಲೆಕ್ಕ ನಿಮಗೆ ಹೊಂದುವುದಿಲ್ಲ. ಅಕ್ಟೋಬರ್ 20ರಿಂದ ಮಾರ್ಚ್ 31ಕ್ಕೆ 163 ದಿನ. ಮೇ ತಿಂಗಳ 40 ಸೇರಿಸಿದರೆ 203. ತೆರಿಗೆಯ ಲೆಕ್ಕದಲ್ಲೂ ಈ ವರ್ಷವೇ ನಿವಾಸಿ ಆದಿರಿ.

ಹೆದರಬೇಡಿ. ಹಿಂದಿನ 10 ವರ್ಷವೂ ಅನಿವಾಸಿ ಆಗಿದ್ದವರಿಗೆ ಈ ವರ್ಷ ಮತ್ತು ಮುಂದಿನ ವರ್ಷ ಆರ್‌ಎನ್‌ಒಆರ್ ಅನ್ನುವ ನಡುವಿನ ಸ್ಥಾನ ಸಿಗುತ್ತದೆ. ದುಬೈ ಸಂಬಳಕ್ಕಾಗಲಿ, ಅಲ್ಲಿ ಉಳಿದ ಡಿಪಾಸಿಟ್ಟಿನ ಬಡ್ಡಿಗಾಗಲಿ ಇಲ್ಲಿ ತೆರಿಗೆ ಬೀಳುವುದಿಲ್ಲ. ಎಫ್‌ಸಿಎನ್‌ಆರ್ ಬಡ್ಡಿಗೂ ಆ ಎರಡು ವರ್ಷ ತೆರಿಗೆ ಇಲ್ಲ. ನವೆಂಬರ್ 11 ಅಥವಾ ನಂತರ ಇಳಿದರೆ 141ಕ್ಕೆ 40 ಸೇರಿ 181 ಆಗುತ್ತದೆ. ಆಗ ಈ ವರ್ಷ ಅನಿವಾಸಿಯಾಗಿಯೇ ಉಳಿಯುತ್ತೀರಿ, ಆ ಎರಡು ವರ್ಷ ಮುಂದಿನ ಏಪ್ರಿಲ್‌ನಿಂದ ಶುರುವಾಗುತ್ತದೆ. ಇಳಿದ ದಿನ, ಹೊರಟ ದಿನ ಎರಡನ್ನೂ ಎಣಿಸಿ. ಹಿಂದಿನ 4 ವರ್ಷದಲ್ಲಿ ಒಟ್ಟು 365 ದಿನ ಊರಲ್ಲಿ ಇದ್ದವರಿಗೆ ಲೆಕ್ಕ ಬೇರೆಯೇ ಆಗುತ್ತದೆ. ನಿಮ್ಮದು 160ರ ಆಸುಪಾಸು, ತೊಂದರೆ ಇಲ್ಲ.

ಅಲ್ಲಿ ಡಿಪಾಸಿಟ್ ಇಲ್ಲದಿದ್ದರೆ ಮೂರು ವಾರ ಟಿಕೆಟ್ ಮುಂದೆ ಹಾಕಿ ಏನೂ ಸಿಗುವುದಿಲ್ಲ. ಅಮ್ಮ ಕಾಯುತ್ತಿದ್ದಾರೆ, ಬನ್ನಿ.

ಶಿರಸಿ ಮಾಣಿ: ಬ್ಯಾಂಕಿನಲ್ಲಿ ಇದ್ದವರು ಬ್ಯಾಂಕಿನ ಮಾತನ್ನೇ ಹೇಳುತ್ತಾರೆ. ನಾನು ಮತ್ತೆ ಮಸ್ಕತ್‌ಗೆ ಹೋಗಬಹುದು, ಇನ್ನೂ ತೀರ್ಮಾನ ಆಗಿಲ್ಲ. ಹಾಗಿರುವಾಗ ಖಾತೆ ಯಾಕೆ ಬದಲಿಸಲಿ?

ಮಲ್ಪೆ ಅಕ್ಕ: ಒಂದೂವರೆ ವರ್ಷದಿಂದ ಇಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದೇನೆ ಅಂತ ನೀವೇ ಬೇರೆ ಕಡೆ ಬರೆದಿದ್ದೀರಿ. ಯಾವಾಗ ಹೋಗುತ್ತೇನೋ ಗೊತ್ತಿಲ್ಲ ಅಂತ ಊರಲ್ಲಿ ಇರುವವರನ್ನೂ ಫೆಮಾ ಇಲ್ಲಿನವರೆಂದೇ ನೋಡುತ್ತದೆ. ನಿಮ್ಮ ಖಾತೆ, ನಿಮ್ಮ ಇಷ್ಟ. ಬೇರೆಯವರಿಗೆ ಮಾತ್ರ ಆ ದಾರಿ ತೋರಿಸಬೇಡಿ.

ಜಯನಗರ 4ನೇ ಬ್ಲಾಕ್: ನಾವು 2019ರಲ್ಲಿ ಅಮೆರಿಕದಿಂದ 17 ವರ್ಷದ ಮೇಲೆ ಬಂದೆವು. ಹಣಕ್ಕಿಂತ ಸಾಮಾನಿನ ಬಗ್ಗೆ ಯೋಚನೆ ಮಾಡಿ. ಎರಡು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಖಾಯಂ ಬರುವವರಿಗೆ ಆಗ ಮನೆ ಸಾಮಾನಿನ ಮೇಲೆ 5 ಲಕ್ಷದ ಸುಂಕ ವಿನಾಯಿತಿ ಇತ್ತು. ನೀವು ಬರುವಾಗ ಎಷ್ಟಿದೆಯೋ ಕೇಳಿ ನೋಡಿ. ನಾವು ಎಡವಿದ್ದು ತಾರೀಖಿನಲ್ಲಿ. ಸಾಮಾನು ನಾವು ಇಳಿದ ಒಂದು ತಿಂಗಳೊಳಗೆ ಅಲ್ಲಿಂದ ಹೊರಡಬೇಕಿತ್ತು. ಅಲ್ಲಿನ ಮನೆ ಮಾರಾಟ ತಡವಾಯಿತು, ಕಂಟೇನರ್ ಹೊರಟದ್ದು ಆರು ವಾರದ ಮೇಲೆ. ತಡ ಯಾಕಾಯಿತು ಅಂತ ಅರ್ಜಿ, ಅದಕ್ಕೆ ದಾಖಲೆ, ಆಮೇಲೆ ಇನ್ನೊಂದು ದಾಖಲೆ. ಕಂಟೇನರ್ ನಿಂತ ಅಷ್ಟೂ ದಿನಕ್ಕೆ ಬಾಡಿಗೆ ಬಿತ್ತು. ಕೊನೆಗೆ ಬಿಡಿಸಿಕೊಂಡು ತೆರೆದು ನೋಡಿದರೆ ಅಮ್ಮ ಕೊಟ್ಟಿದ್ದ ರುಬ್ಬುವ ಕಲ್ಲು ಎರಡು ತುಂಡಾಗಿತ್ತು. ಇಲ್ಲಿಂದ ಅಲ್ಲಿಗೆ ಹೊತ್ತುಕೊಂಡು ಹೋಗಿದ್ದ ಕಲ್ಲು ಅದು.

ಮಕ್ಕಳಿಗೆ ಓಸಿಐ ಮೊದಲೇ ಮಾಡಿಸಿ. ಕ್ಯಾಪ್ಷನ್ ಬೇಕಾದರೆ "ಬೇರಿಗೆ ಮರಳಿದೆವು" ಚೆನ್ನಾಗಿದೆ.

ಕಾರ್ಕಳದ ಹಳಬ: ಅವರು ದುಬೈಯಿಂದ ಬರುವವರು ಸ್ವಾಮಿ. ಓಸಿಐ ಎಲ್ಲಿಂದ ಬಂತು? ನಮಗೆ ಅಲ್ಲಿ ಪೌರತ್ವ ಯಾರು ಕೊಡುತ್ತಾರೆ? ಕೆಲಸ ಹೋದರೆ ವೀಸಾ ಹೋಯಿತು. ನೀವು ಬೇರಿಗೆ ಮರಳಿದವರು, ಬೇಡ ಅನಿಸಿದರೆ ಮಕ್ಕಳ ಪಾಸ್‌ಪೋರ್ಟ್ ಹಿಡಿದು ಮತ್ತೆ ಹೋಗಬಹುದು. ನಾವು ಬಂದದ್ದು ಅಂದರೆ ಬಂದದ್ದೇ.

ಜಯನಗರ 4ನೇ ಬ್ಲಾಕ್: ದುಬೈ ಅನ್ನುವುದನ್ನು ಗಮನಿಸಲಿಲ್ಲ, ತಪ್ಪು ನನ್ನದು. ಆದರೆ ನಮಗೆ ಸುಲಭವಾಗಿತ್ತು ಅಂತ ತೀರ್ಪು ಕೊಡಬೇಡಿ. 12 ವರ್ಷದ ಮಗಳು ಕನ್ನಡ ಅಕ್ಷರ ಕಲಿಯಲು ಕೂತು ರಾತ್ರಿ ಅಳುತ್ತಿದ್ದಳು. ವಾಪಸ್ ಹೋಗುವ ಬಾಗಿಲು ತೆರೆದಿದೆ ಅಂತ ಅವಳಿಗೂ ಗೊತ್ತಿತ್ತು, ಅದಕ್ಕೇ ಎರಡು ವರ್ಷ ಅವಳು ಇಲ್ಲಿ ಮನಸ್ಸು ಇಡಲಿಲ್ಲ. ಬಾಗಿಲು ಮುಚ್ಚಿದ್ದರೆ ಒಳ್ಳೆಯದಿತ್ತು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಕಾರ್ಕಳದ ಹಳಬ: ಬಾಗಿಲು ಮುಚ್ಚಿದವರ ಕಷ್ಟ ಮುಚ್ಚಿದವರಿಗೇ ಗೊತ್ತು. ಮಗಳ ವಿಷಯ ಕೇಳಿ ಬೇಜಾರಾಯಿತು, ಅದು ಬೇರೆ ಮಾತು.

ಕುಂದಾಪ್ರದ ಮನೆಯವಳು: ಇಷ್ಟು ಹೊತ್ತು ಓದಿದೆ. ಬಂದವರೇ ಮಾತಾಡುತ್ತಿದ್ದೀರಿ. ನಾನು ಊರಲ್ಲೇ ಇದ್ದವಳು. ನನ್ನ ಗಂಡ 16 ವರ್ಷ ಅಬುಧಾಬಿಯಲ್ಲಿ ಇದ್ದರು. ಬಾವಿಗೆ ಮೋಟಾರ್ ಹಾಕಿಸಿದ್ದು, ಅತ್ತೆಯನ್ನು ಮಣಿಪಾಲಕ್ಕೆ ಕರೆದುಕೊಂಡು ಓಡಿದ್ದು, ಪಂಚಾಯಿತಿಯಲ್ಲಿ ದಾರಿ ಜಗಳಕ್ಕೆ ನಿಂತದ್ದು ಎಲ್ಲಾ ನಾನು. ಅವರು ಬಂದ ಮೊದಲ ವಾರ ನೆಂಟರ ಗಲಾಟೆ. ಎರಡನೇ ವಾರ ಹಾಲಿನ ಲೆಕ್ಕ ಯಾಕೆ ಇಷ್ಟು ಅಂತ ಕೇಳಿದರು. ಮೂರನೇ ವಾರ ಮೋಟಾರಿನ ಪೈಪು ತಪ್ಪು ಜಾಗದಲ್ಲಿದೆ ಅಂತ ಕೀಳಿಸಿದರು, 18,000 ಹೋಯಿತು. ಅಂಗಡಿ ಇಡಲು ಆತುರ. ಆರು ತಿಂಗಳು ಏನೂ ಶುರು ಮಾಡಬೇಡಿ ಅಂತ ನಾನು ಬೇಡಿಕೊಂಡೆ. ಕೇಳಿದ್ದರೆ 4 ಲಕ್ಷ ಉಳಿಯುತ್ತಿತ್ತು.

ಈಗ ಮೂರು ವರ್ಷ ಆಯಿತು, ಸರಿ ಹೋಗಿದ್ದೇವೆ. ಅವರು ತೋಟ ನೋಡುತ್ತಾರೆ, ಹಣದ ಲೆಕ್ಕ ನನ್ನ ಹತ್ತಿರವೇ ಇದೆ. ಬೈಂದೂರಿನವರೇ, ನಿಮ್ಮ ಮನೆಯಲ್ಲಿ ಯಾರು ಇಷ್ಟು ವರ್ಷ ನಡೆಸಿದರೋ ಅವರನ್ನು ಕೇಳಿ ಆ ಸಾಲು ಬರೆಯಿರಿ.

ಶಿರಸಿ ಮಾಣಿ: ಎಲ್ಲಾ ಗಂಡಸರೂ ಹಾಗೇ ಇರುವುದಿಲ್ಲ ಅಕ್ಕ. ದುಡಿದ ಹಣದ ಲೆಕ್ಕ ಕೇಳಿದ್ದೇ ತಪ್ಪಾ?

ಕುಂದಾಪ್ರದ ಮನೆಯವಳು: ಕೇಳುವುದು ತಪ್ಪಲ್ಲ. ಎರಡನೇ ವಾರಕ್ಕೆ ಕೇಳಿದ್ದು ತಪ್ಪು.

ಬೈಂದೂರಿನವ: ಎಲ್ಲರಿಗೂ ನಮಸ್ಕಾರ. ಎರಡು ಕಾರ್ಡಿನಲ್ಲಿ ಒಂದನ್ನು ಮುಚ್ಚಲು ಇವತ್ತೇ ಅರ್ಜಿ ಕೊಟ್ಟೆ. ಇನ್ನೊಂದರಲ್ಲಿ 1,900 ಬಾಕಿ ಇದೆ, ಸಂಬಳ ಬಂದ ದಿನ ಕಟ್ಟುತ್ತೇನೆ. ನನ್ನ ಬೇಸಿಕ್ 2,800. ಕಾರ್ಕಳದ ಅಣ್ಣ ಹೇಳಿದ ಹಾಗೆ ಲೆಕ್ಕ ಹಾಕಿದರೆ 35,000 ಬರುತ್ತದೆ. ನಾನು 70,000 ಅಂದುಕೊಂಡಿದ್ದೆ. ಮನೆಗೆ ಇನ್ನೂ ಹೇಳಿಲ್ಲ.

ಟಿಕೆಟ್ ಬದಲಿಸುವುದಿಲ್ಲ. ಹೆಂಡತಿಗೆ ಫೋನ್ ಮಾಡಿ ಏನು ಬರೆಯಲಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಬಂದರು ಅಂತ ನಾನೇ ಹಾಕುತ್ತೇನೆ, ನೀವು ಮೊದಲು ಬನ್ನಿ" ಅಂದಳು.

ಕಾರ್ಕಳದ ಹಳಬ: 35,000ದ ವಿಷಯ ಇವತ್ತೇ ಹೇಳಿ ತಮ್ಮಾ. ಬಂದ ಮೇಲೆ ಹೇಳಬೇಡಿ.