ಇಮೇಲ್‌ನಲ್ಲಿ ಸಮನ್ಸ್, ‘ನಾಲ್ಕು ಗಂಟೆಯೊಳಗೆ ಸೆಟಲ್ ಮಾಡಿ’: ವಕೀಲರಿಗೆ ಕೇಳಿ, ಪುಣೆ ಕನ್ನಡಿಗರ ಗುಂಪು

ಚಿಂಚವಡದವರು: ಮೇಡಂ, ಇವತ್ತು ಬೆಳಿಗ್ಗೆ ಶಿವಾಜಿನಗರ ಕೋರ್ಟ್ ಹೆಸರಿನಲ್ಲಿ ಸಮನ್ಸ್ ಮೇಲ್ ಬಂದಿದೆ. 138 ಕೇಸಂತೆ, ಅಂದ್ರೆ ಚೆಕ್ ಬೌನ್ಸ್ ಕೇಸ್. 38,500 ಕಟ್ಟಿ ಸೆಟಲ್ ಮಾಡಿಕೊಳ್ಳದಿದ್ದರೆ ವಾರಂಟ್ ಅಂತ ಇದೆ. ಸಾಯಂಕಾಲ 4ರವರೆಗೆ ಟೈಮ್. ನಾನು 2022ರಲ್ಲಿ ಒಂದು ಆ್ಯಪ್‌ನಲ್ಲಿ 15,000 ಸಾಲ ತಗೊಂಡಿದ್ದು ನಿಜ. 2023ರಲ್ಲಿ ಎರಡು ಕಂತು ಬೌನ್ಸ್ ಆಗಿದ್ದವು. ಮೇಲ್‌ನಲ್ಲಿದ್ದ ಸಿಎನ್‌ಆರ್ ನಂಬರ್ ಹಾಕಿ ನೋಡಿದೆ, ಕೇಸ್ ಓಪನ್ ಆಯಿತು. ಕಟ್ಟಿಬಿಡಲಾ?

ಡೊಂಬಿವಲಿ ಕಾಕಾ: ಡಿಲೀಟ್ ಮಾಡ್ರೀ. ಕೋರ್ಟ್ ಯಾವತ್ತೂ ಇಮೇಲ್ ಕಳಿಸಲ್ಲ, ಯುಪಿಐ ಕೇಳಲ್ಲ. ಸುಮ್ನೆ ಹೆದರಬೇಡಿ.

ವಕೀಲರು: ಕಟ್ಟಬೇಡಿ. ಡಿಲೀಟ್ ಕೂಡ ಮಾಡಬೇಡಿ. ಸಿಎನ್‌ಆರ್ ಹಾಕಿದಾಗ ಪಕ್ಷಗಾರರ ಜಾಗದಲ್ಲಿ ಯಾರ ಹೆಸರಿತ್ತು? ಆ ಪುಟದ ಫೋಟೋ ಹಾಕಿ.

ಚಿಂಚವಡದವರು: ಹೆಸರು ನೋಡಲಿಲ್ಲ ಮೇಡಂ, ಕೇಸ್ ಇದೆ ಅಂತ ಕಂಡಿದ್ದೇ ಕೈ ನಡುಗಿತು. ಈಗ ಹಾಕಿದ್ದೇನೆ.

ವಾಶಿಯವರು: ನಮ್ಮ ಸೊಸೈಟಿ ಸೆಕ್ರೆಟರಿ ಮೇಂಟೆನೆನ್ಸ್ ಬಾಕಿಗೆ ವಕೀಲರ ನೋಟಿಸ್ ಕಳಿಸಿದ್ದಾರೆ. ಅದೂ ಫೇಕ್ ಇರಬಹುದಾ?

ವಕೀಲರು: ಚಿಂಚವಡದವರಿಗೆ. ಫೋಟೋ ನೋಡಿದೆ. ಅದು ಅಪಘಾತ ಪರಿಹಾರದ ಕೇಸ್. ಅರ್ಜಿದಾರರು ಯಾರೋ, ಎದುರು ಪಕ್ಷ ಯಾರೋ. ನಿಮ್ಮ ಹೆಸರೂ ಇಲ್ಲ, ಸಾಲ ಕೊಟ್ಟ ಕಂಪನಿಯ ಹೆಸರೂ ಇಲ್ಲ. ಮೋಸ ಇರೋದು ಇಲ್ಲೇ. ಸಿಎನ್‌ಆರ್ ಅಂದ್ರೆ ಪ್ರತಿ ಕೇಸಿಗೂ ಕೋರ್ಟ್ ಕೊಡುವ, 16 ಅಕ್ಷರ ಮತ್ತು ಅಂಕಿಗಳ ಗುರುತಿನ ನಂಬರ್. ಪುಣೆಯದು MHPU ಅಂತ ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ಇಸವಿ. ಈ ನಂಬರ್‌ಗಳು ಎಲ್ಲರೂ ನೋಡುವಂತೆ ತೆರೆದಿರುತ್ತವೆ, ಹಾಗಾಗಿ ಯಾರದೋ ನಿಜವಾದ ನಂಬರ್ ಎತ್ತಿ ನಿಮ್ಮ ಕಾಗದಕ್ಕೆ ಅಂಟಿಸೋದು ಕಷ್ಟವೇ ಅಲ್ಲ. ನಂಬರ್ ಓಪನ್ ಆಯಿತು ಅನ್ನೋದರಿಂದ ಏನೂ ಸಾಬೀತಾಗಲ್ಲ. ಪಕ್ಷಗಾರರು, ಕಾಯ್ದೆಯ ಕಲಂ, ಕೋರ್ಟ್ ನಂಬರ್, ಮುಂದಿನ ತಾರೀಖು, ಈ ನಾಲ್ಕೂ ಮೇಲ್‌ನಲ್ಲಿ ಇರೋದಕ್ಕೆ ಹೊಂದಬೇಕು. ನಿಮ್ಮ ಕಾಗದದಲ್ಲಿ ಕೊಟ್ಟಿರುವ ತಾರೀಖು ಭಾನುವಾರ. ಕೆಳಗೆ ಸಹಿ ಇರೋದು ‘ಲೀಗಲ್ ಅಡ್ವೈಸರ್’ ಅಂತ. ಸಮನ್ಸ್ ಕೊಡೋದು ಕೋರ್ಟ್. ಅದರ ಮೇಲೆ ನ್ಯಾಯಾಧೀಶರದೋ ಅಧಿಕಾರ ಇರುವ ಕೋರ್ಟ್ ಅಧಿಕಾರಿಯದೋ ಸಹಿ, ಕೋರ್ಟಿನ ಸೀಲ್ ಇರುತ್ತದೆ. ಯಾವ ಕಂಪನಿಯ ಸಲಹೆಗಾರನೂ ಸಮನ್ಸ್‌ಗೆ ಸಹಿ ಹಾಕಲ್ಲ.

ಇನ್ನೊಂದು ಕೆಲಸ ಬಾಕಿ ಇದೆ, ಇದನ್ನು ಬಿಡಬೇಡಿ. ಈ ಕಾಗದ ಸುಳ್ಳು, ಆದರೆ ಸಾಲ ನಿಜ. ಬೇರೆ ಕೇಸ್ ನಿಜವಾಗಿಯೂ ಹಾಕಿದ್ದಾರಾ ಅಂತ ನೋಡಬೇಕು. ಮೇಲ್‌ನ ಲಿಂಕ್ ಮುಟ್ಟಬೇಡಿ, ಅದರ ಕ್ಯೂಆರ್ ಕೋಡನ್ನೂ ಸ್ಕ್ಯಾನ್ ಮಾಡಬೇಡಿ. services.ecourts.gov.in ಅಂತ ನೀವೇ ಟೈಪ್ ಮಾಡಿ, ಕೇಸ್ ಸ್ಟೇಟಸ್‌ನಲ್ಲಿ ಮಹಾರಾಷ್ಟ್ರ, ಪುಣೆ, ಶಿವಾಜಿನಗರದ ಕೋರ್ಟ್ ಆರಿಸಿ, ಪಾರ್ಟಿ ನೇಮ್‌ನಲ್ಲಿ ನಿಮ್ಮ ಹೆಸರು ಹುಡುಕಿ. 2023ರಿಂದ ಒಂದೊಂದೇ ವರ್ಷ ಹಾಕಿ. ಹೆಸರಿನ ಸ್ಪೆಲಿಂಗ್ ಎರಡು ಮೂರು ಥರ ಮಾಡಿ ನೋಡಿ, ಅಡ್ಡಹೆಸರು ಮೊದಲಿಟ್ಟೂ ಹುಡುಕಿ. ಇಲ್ಲಿನ ಗುಮಾಸ್ತರು ನಮ್ಮ ಕಡೆಯ ಹೆಸರುಗಳನ್ನು ಹೇಗೆ ಬೇಕಾದರೂ ಬರೆದಿರುತ್ತಾರೆ.

ಡೊಂಬಿವಲಿ ಕಾಕಾ: ನಾನು ಹೇಳಿದ್ದೇ ಆಯಿತಲ್ಲ ಮೇಡಂ. ಫೇಕ್ ಅಂತ.

ವಕೀಲರು: ಫೇಕ್ ಅನ್ನೋದು ಸರಿ, ನೀವು ಕೊಟ್ಟ ಕಾರಣ ಸರಿ ಇಲ್ಲ ಕಾಕಾ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆ ಬಿಎನ್‌ಎಸ್‌ಎಸ್ ಪ್ರಕಾರ ಸಮನ್ಸ್ ಇಮೇಲ್‌ನಲ್ಲೂ ಬರಬಹುದು, ಆದರೆ ಅದರಲ್ಲಿ ಕೋರ್ಟ್ ಸೀಲಿನ ಚಿತ್ರವೋ ಡಿಜಿಟಲ್ ಸಹಿಯೋ ಇರಬೇಕು. ಯುಪಿಐ ವಿಷಯವೂ ಹಾಗೇ. ಗೋವಾದಿಂದ ಹೋದ ಒಂದು ಚೆಕ್ ಬೌನ್ಸ್ ಕೇಸಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಜಿಲ್ಲಾ ಕೋರ್ಟ್‌ಗಳು ಕ್ಯೂಆರ್ ಅಥವಾ ಯುಪಿಐ ಲಿಂಕ್ ವ್ಯವಸ್ಥೆ ಮಾಡಬೇಕು, ಚೆಕ್ಕಿನ ಹಣವನ್ನು ಶುರುವಿನಲ್ಲೇ ಅಲ್ಲಿ ಕಟ್ಟಬಹುದು ಅಂತ ಸಮನ್ಸ್‌ನಲ್ಲೇ ಬರೆಯಬೇಕು ಅಂತ ಹೇಳಿದೆ. ಹಾಗಾಗಿ ‘ಯುಪಿಐ ಇದೆ, ಅಂದ್ರೆ ಫೇಕ್’ ಅನ್ನೋ ಲೆಕ್ಕ ಇನ್ನು ನಡೆಯಲ್ಲ. ಹಾಗೆ ನಂಬಿ ನಿಜವಾದ ಸಮನ್ಸ್ ಡಿಲೀಟ್ ಮಾಡಿದವರಿಗೇ ಆಮೇಲೆ ವಾರಂಟ್ ಬರೋದು. ಮೊದಲು ಕೇಸ್ ಇದೆಯಾ ನೋಡಿ, ದುಡ್ಡಿನ ಮಾತು ಆಮೇಲೆ.

ಹಡಪ್ಸರದವರು: ಮೇಡಂ ನನಗೂ ಸೇಮ್ ಮೇಲ್ ಬಂದಿದೆ, ಏನು ಮಾಡಲಿ?

ವಕೀಲರು: ಮೇಲೆ ಬರೆದಿದ್ದೇನೆ. ಪಕ್ಷಗಾರರ ಹೆಸರು ನೋಡಿ.

ನಿಗಡಿಯವರು: ಅವರು ಚೆಕ್ಕೇ ಕೊಟ್ಟಿಲ್ಲ ಅಲ್ವಾ, ಆ್ಯಪ್ ಸಾಲ. ಚೆಕ್ ಇಲ್ಲ ಅಂದ್ರೆ 138 ಇಲ್ಲ. ಮುಗೀತು.

ವಕೀಲರು: ಅರ್ಧ ಸರಿ. ಬ್ಯಾಂಕ್ ಖಾತೆಯಿಂದ ತಾನೇ ಕಡಿತವಾಗುವ ಕಂತು ಹಣವಿಲ್ಲದೆ ಬೌನ್ಸ್ ಆದರೆ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಕಲಂ ಇದೆ. ಅದಕ್ಕೂ ಮೊದಲು ನೋಟಿಸ್ ಬೇಕು. ಬೌನ್ಸ್ ಆದದ್ದು ಗೊತ್ತಾದ 30 ದಿನದೊಳಗೆ ನೋಟಿಸ್ ಕಳಿಸಬೇಕು, ಅದು ನಿಮಗೆ ಮುಟ್ಟಿದ ಮೇಲೆ ಕಟ್ಟಲು 15 ದಿನ ಸಿಗುತ್ತದೆ. ಚಿಂಚವಡದವರೇ, 2023ರಲ್ಲಿ ನಿಮಗೆ ಯಾವ ನೋಟಿಸೂ ಬಂದಿಲ್ಲ ಅಂದ್ರೆ ಈಗ ಏಕಾಏಕಿ ನಾಲ್ಕು ಗಂಟೆಯ ಗಡುವು ಎಲ್ಲಿಂದ ಬಂತು? ಆಗ ಮನೆ ಬದಲಾಯಿಸಿದ್ದಿರಾ, ಅದು ಮಾತ್ರ ಹೇಳಿ. ಹಳೇ ವಿಳಾಸಕ್ಕೆ ಹೋಗಿದ್ದರೆ ಲೆಕ್ಕ ಬೇರೆ.

ಡೊಂಬಿವಲಿ ಕಾಕಾ: ಇದನ್ನೂ ಎಲ್ಲರೂ ಓದಿ, ಒಳ್ಳೇ ಗುಂಪಿನಿಂದ ಬಂದಿದೆ: ‘ಫೇಕ್ ಸಮನ್ಸ್ ಬಂದರೆ ನೋಟರಿ ಅಫಿಡವಿಟ್ ಮಾಡಿಸಿ, ಆಧಾರ್ ಮತ್ತು ಪ್ಯಾನ್ ಲಗತ್ತಿಸಿ ಅದೇ ಮೇಲ್‌ಗೆ ಉತ್ತರ ಕೊಡಿ, ಕೇಸ್ ತಾನಾಗಿ ಬಿದ್ದುಹೋಗುತ್ತದೆ.’

ವಕೀಲರು: ಇದನ್ನು ದಯವಿಟ್ಟು ಈಗಲೇ ತೆಗೆಯಿರಿ. ಆಧಾರ್, ಪ್ಯಾನ್, ಸಹಿ, ಮೂರನ್ನೂ ನೀವೇ ಕಳ್ಳನ ಕೈಗೆ ಕೊಟ್ಟ ಹಾಗೆ. ಅದರಿಂದ ನಿಮ್ಮ ಹೆಸರಲ್ಲೇ ಮುಂದಿನ ಸಾಲ ಎತ್ತುತ್ತಾರೆ. ನೋಟರಿ ಕಾಗದ ಮೇಲ್ ಮಾಡಿದರೆ ಯಾವ ಕೇಸೂ ಬೀಳಲ್ಲ.

ಡೊಂಬಿವಲಿ ಕಾಕಾ: ಒಳ್ಳೇದಕ್ಕೆ ಹಾಕಿದೆ. ನಾನು 40 ವರ್ಷ ಮುಂಬಯಿಯಲ್ಲಿದ್ದೇನೆ, ಕೋರ್ಟ್ ನೋಡಿಲ್ಲವೇ?

ನಿಗಡಿಯವರು: ಕಾಕಾ, ನೋಡಿದ್ದರೆ ಇದನ್ನು ಫಾರ್ವರ್ಡ್ ಮಾಡುತ್ತಿದ್ದಿರಾ? ಜನ ನಿಜವಾಗಲೂ ಆಧಾರ್ ಕಳಿಸಿಬಿಡುತ್ತಾರೆ.

ಡೊಂಬಿವಲಿ ಕಾಕಾ: ನಿನ್ನನ್ನು ಕೇಳಿದೆನಾ? ಹಿರಿಯರ ಜೊತೆ ಮಾತಾಡೋ ರೀತಿ ಇದಲ್ಲ.

ವಾಶಿಯವರು: ನನ್ನ ಸೊಸೈಟಿ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಹಡಪ್ಸರದವರು: ಮೇಡಂ ಹೆಸರು ಎಲ್ಲಿ ನೋಡಬೇಕು? ನನ್ನದು ಕೂಡ MHPU ಅಂತ ಇದೆ.

ವಕೀಲರು: ಮೇಲೆ ಓದಿ. ಮೂರನೇ ಸಲ ಬರೆಯಲ್ಲ.

ಮಡಗಾಂವ್ ಅಕ್ಕ: ಮೇಡಂ, ತಡವಾಗಿ ನೋಡಿದೆ. ನಮ್ಮಪ್ಪ ನಿನ್ನೆ ರಾತ್ರಿ 9ಕ್ಕೆ ಇಂಥದ್ದೇ ಮೇಲ್ ನೋಡಿ 12,000 ಕಳಿಸಿಬಿಟ್ಟಿದ್ದಾರೆ, ಗೋವಾ ಕೋರ್ಟ್ ಅಂತ ಇತ್ತು. ಈಗ ಇನ್ನೊಂದು ಮೇಲ್, ‘ಕೇಸ್ ಕ್ಲೋಸಿಂಗ್ ಚಾರ್ಜ್’ 18,000 ಅಂತೆ. ಅವರಿಗೆ ಸಾಲವೇ ಇಲ್ಲ. ನಾಚಿಕೆಯಿಂದ ಯಾರಿಗೂ ಹೇಳಬೇಡ ಅನ್ನುತ್ತಿದ್ದಾರೆ.

ವಕೀಲರು: ಅಕ್ಕಾ, ಇದನ್ನು ಓದಿದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮಿಕ್ಕಿದ್ದು ಆಮೇಲೆ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಯೋಕೆ ಆಗಬಹುದು. 12 ಗಂಟೆ ಕಳೆದಿದೆ, ಪೂರ್ತಿ ಸಿಗುತ್ತದೆ ಅಂತ ಮಾತು ಕೊಡಲಾರೆ. ಯುಪಿಐ ವಹಿವಾಟಿನ ನಂಬರ್ ಕೈಯಲ್ಲಿಟ್ಟುಕೊಂಡೇ ಫೋನ್ ಮಾಡಿ, ಅದನ್ನೇ ಕೇಳುತ್ತಾರೆ. ಅಪ್ಪನ ಬ್ಯಾಂಕಿಗೂ ತಿಳಿಸಿ. ಆಮೇಲೆ cybercrime.gov.in ನಲ್ಲಿ ದೂರು ಪೂರ್ತಿ ಮಾಡಿ, ಎರಡೂ ಮೇಲ್ ಲಗತ್ತಿಸಿ. ಎರಡನೇ ಮೇಲ್‌ಗೆ ಒಂದು ಪೈಸೆಯನ್ನೂ ಕಳಿಸಬೇಡಿ, ಉತ್ತರವನ್ನೂ ಕೊಡಬೇಡಿ. ಅಪ್ಪನನ್ನು ಬೈಯಬೇಡಿ, ಇನ್ನೂ ಏನಾದರೂ ಕಳಿಸಿದ್ದಾರಾ ಅಂತ ಮೆತ್ತಗೆ ಕೇಳಿ. ಇಂಥವರು ಆಧಾರ್ ಫೋಟೋನೂ ಕೇಳಿರುತ್ತಾರೆ.

ಮಡಗಾಂವ್ ಅಕ್ಕ: ಕೇಳಿದೆ. ಆಧಾರ್ ಕಳಿಸಿದ್ದಾರಂತೆ. 1930 ಲೈನ್ ಬಿಜಿ ಬರುತ್ತಿದೆ.

ವಕೀಲರು: ಮತ್ತೆ ಮಾಡುತ್ತಾ ಇರಿ, ಜೊತೆಗೆ ಇನ್ನೊಂದು ಫೋನಿನಿಂದ ಸೈಟಿನಲ್ಲಿ ದೂರು ಹಾಕಿ. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ದೂರಿನ ನಂಬರ್ ಬಂದ ಮೇಲೆ ನನಗೆ ನೇರವಾಗಿ ಕಳಿಸಿ.

ಚಿಂಚವಡದವರು: ಮೇಡಂ, 2024ರಲ್ಲಿ ಮನೆ ಬದಲಾಯಿಸಿದ್ದೆ. ಹೆಸರು ಹುಡುಕಿದೆ, ಎರಡು ಸ್ಪೆಲಿಂಗ್‌ನಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ ನನ್ನದೇ ಹೆಸರಿನ ಒಬ್ಬರು ಇದ್ದಾರೆ, ಬಾಂಕಿನವರು ಹಾಕಿದ ಕೇಸ್. ಅದು ನಾನಾ ಅಂತ ಗೊತ್ತಾಗುತ್ತಿಲ್ಲ.

ವಕೀಲರು: ಅದರ ಸಿಎನ್‌ಆರ್ ಕಳಿಸಿ. ನಾಳೆ 11ಕ್ಕೆ ನಾನು ಶಿವಾಜಿನಗರದಲ್ಲೇ ಇರುತ್ತೇನೆ, ಫೈಲ್‌ನಲ್ಲಿ ವಿಳಾಸ ನೋಡಿ ಹೇಳುತ್ತೇನೆ.