ಪದಚರ್ಚೆ: ಬಿಸಿಯಾದ ಪ್ಯಾರಾಕಾಂತ ‘ಕಳೆದುಕೊಳ್ಳುವುದು’ ಏನನ್ನು?

ಪ್ರಶ್ನೆ ಕೇಳಿದವರು (ವಿಜ್ಞಾನ ಬರಹಗಳನ್ನು ತಿದ್ದುವವರು):

ಬಳಗದ ಎಲ್ಲರಿಗೂ ನಮಸ್ಕಾರ. ಕ್ಯೂರಿ ನಿಯಮವನ್ನು ಕುರಿತ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಹೊರಗಿನ ಕಾಂತಕ್ಷೇತ್ರ ಇದ್ದಾಗ ಮಾತ್ರ ದುರ್ಬಲವಾಗಿ ಕಾಂತದಂತೆ ವರ್ತಿಸುವ ಪ್ಯಾರಾಕಾಂತೀಯ ವಸ್ತುಗಳ ಬಗೆಗಿನ ಲೇಖನ ಅದು. ಅದರಲ್ಲಿ ಹೀಗೊಂದು ವಾಕ್ಯವಿದೆ: “ತಾಪಮಾನ ಏರಿದಂತೆ ಪ್ಯಾರಾಕಾಂತೀಯ ವಸ್ತುವಿನ ಪರಮಾಣುಗಳು ತಮ್ಮ ಕಾಂತಗುಣವನ್ನು ಕಳೆದುಕೊಳ್ಳುತ್ತವೆ, ಆದ್ದರಿಂದ ಕಾಂತೀಕರಣವು ತಾಪಮಾನಕ್ಕೆ ವಿಲೋಮಾನುಪಾತದಲ್ಲಿ ಇರುತ್ತದೆ.” ವ್ಯಾಕರಣದ ದೃಷ್ಟಿಯಿಂದ ವಾಕ್ಯ ಸರಿಯಾಗಿದೆ. ನನ್ನ ಸಂದೇಹ ಅರ್ಥವನ್ನು ಕುರಿತದ್ದು. ‘ಕಳೆದುಕೊಳ್ಳುತ್ತವೆ’ ಎಂಬ ಕ್ರಿಯೆಗೆ ಪರಮಾಣುಗಳು ಕರ್ತೃವಾಗಬಹುದೇ? ಬಿಸಿಯಾದಾಗ ಒಂದೊಂದು ಪರಮಾಣುವಿನ ಕಾಂತಗುಣವೂ ಕ್ಷೀಣಿಸುತ್ತದೆಯೋ, ಅಥವಾ ಒಟ್ಟು ವಸ್ತುವಿನಲ್ಲಿ ಮಾತ್ರ ಏನೋ ಕಡಿಮೆಯಾಗುತ್ತದೆಯೋ? ಮುಂದಿನ ಪುಟದಲ್ಲಿ “ಕಾಂತಕ್ಷೇತ್ರದಲ್ಲಿ ಪುಟ್ಟ ಕಾಂತಗಳೆಲ್ಲ ಸಾಲುಗಟ್ಟಿ ನಿಲ್ಲುತ್ತವೆ” ಎಂದೂ ಇದೆ. ‘ಸಾಲುಗಟ್ಟಿ ನಿಲ್ಲುವುದು’ ಎಂಬ ಮಾತು ಅಲ್ಲಿ ನಡೆಯುವುದನ್ನು ಸರಿಯಾಗಿ ಹೇಳುತ್ತದೆಯೇ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ (ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವರು):

ಪರಮಾಣುಗಳು ಕಾಂತಗುಣವನ್ನು ಕಳೆದುಕೊಳ್ಳುವುದಿಲ್ಲ; ಅವು ಕಳೆದುಕೊಳ್ಳುವುದು ದಿಕ್ಕನ್ನು. ಕ್ಷೇತ್ರವು ಪ್ರತಿಯೊಂದು ಪುಟ್ಟ ಕಾಂತವನ್ನೂ ತನ್ನ ಕಡೆಗೆ ತಿರುಗಿಸುತ್ತದೆ, ಶಾಖದ ಕಂಪನ ಅದನ್ನು ಕೆಡವುತ್ತದೆ. ಬಿಸಿ ಹೆಚ್ಚಾದಷ್ಟೂ ಕೆಡವುವ ಬಲ ಹೆಚ್ಚು. ಆದ್ದರಿಂದ “ಶಾಖವು ಕಾಂತಗಳ ಜೋಡಣೆಯನ್ನು ನಾಶಮಾಡುತ್ತದೆ” ಎಂದು ತಿದ್ದಿದರೆ ಸಾಕು. ‘ಸಾಲುಗಟ್ಟು’ ಎಂಬ ಪದದಲ್ಲಿ ನನಗೆ ದೋಷ ಕಾಣುವುದಿಲ್ಲ. ವಿದ್ಯಾರ್ಥಿಗಳಿಗೆ ಕೂಡಲೇ ಅರ್ಥವಾಗುವ ಮಾತು ಅದು.

ಎರಡನೆಯ ಉತ್ತರ (ಯಂತ್ರ ದುರಸ್ತಿಯ ಕೆಲಸದಲ್ಲಿರುವವರು):

ನನ್ನ ಅನುಭವ ಬೇರೆ ಇದೆ. ಮೋಟಾರಿನೊಳಗಿನ ಶಾಶ್ವತ ಕಾಂತವು ಒಮ್ಮೆ ವಿಪರೀತ ಬಿಸಿಯಾಗಿ ತಣ್ಣಗಾದ ಮೇಲೆ ಮೊದಲಿನಂತೆ ಹಿಡಿಯುವುದೇ ಇಲ್ಲ. ಕಬ್ಬಿಣವನ್ನು 770 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಕಾಂತದ ಹಿಡಿತ ಪೂರ್ತಿ ಹೋಗುತ್ತದೆ. ಅದನ್ನೇ ಅಲ್ಲವೇ ಕ್ಯೂರಿಯ ಹೆಸರಿನಲ್ಲಿ ಕರೆಯುವುದು? ಹಾಗಿದ್ದ ಮೇಲೆ ‘ಕಳೆದುಕೊಳ್ಳುತ್ತದೆ’, ‘ನಾಶವಾಗುತ್ತದೆ’ ಎರಡೂ ಸರಿಯಾದ ಪದಗಳೇ ಎಂದು ನನ್ನ ಅಭಿಪ್ರಾಯ.

ಮೂರನೆಯ ಉತ್ತರ (ಘನವಸ್ತುಗಳ ಭೌತವಿಜ್ಞಾನ ಬೋಧಿಸುವವರು):

ಮೋಟಾರಿನ ಕಾಂತದ ಮಾತನ್ನು ಮೊದಲು ಪ್ರತ್ಯೇಕಿಸಿಕೊಳ್ಳುತ್ತೇನೆ. 770 ಡಿಗ್ರಿ ಎಂಬುದು ಕಬ್ಬಿಣದ ಕ್ಯೂರಿ ತಾಪಮಾನ, ಇಲ್ಲಿ ಕೇಳಿರುವುದು ಕ್ಯೂರಿ ನಿಯಮ. ಎರಡರಲ್ಲೂ ಪಿಯರ್ ಕ್ಯೂರಿಯ ಹೆಸರಿದೆ, 1895ರ ಅವರ ಮಹಾಪ್ರಬಂಧದಲ್ಲಿ ಎರಡು ಬಗೆಯ ವಸ್ತುಗಳ ಅಳತೆಗಳೂ ಇವೆ. ಆದರೆ ಸಂಗತಿಗಳು ಬೇರೆ. ಕಬ್ಬಿಣದಲ್ಲಿ ನೆರೆಹೊರೆಯ ಪರಮಾಣುಗಳ ಪುಟ್ಟ ಕಾಂತಗಳು, ಅಂದರೆ ಮೊಮೆಂಟ್‌ಗಳು ಒಂದನ್ನೊಂದು ಬಲವಾಗಿ ಹಿಡಿದಿರುತ್ತವೆ, ಆ ಹಿಡಿತ ಒಂದು ನಿಶ್ಚಿತ ತಾಪಮಾನದಲ್ಲಿ ಬಿಟ್ಟುಹೋಗುತ್ತದೆ. ಕ್ಯೂರಿ ನಿಯಮವನ್ನು ಪಾಲಿಸುವ ವಸ್ತುವಿನಲ್ಲಿ ನೆರೆಹೊರೆಯ ಹಿಡಿತವೇ ಇಲ್ಲ. ಪ್ರತಿ ಮೊಮೆಂಟೂ ಒಂಟಿ. ಅಲ್ಲಿ ಬಿಟ್ಟುಹೋಗುವ ತಾಪಮಾನ ಎಂಬುದೂ ಇಲ್ಲ, ಇಳಿಕೆ ಉದ್ದಕ್ಕೂ ನಿಧಾನವಾಗಿ ಸಾಗುತ್ತದೆ, ಮತ್ತೆ ತಣ್ಣಗಾಗಿಸಿದರೆ ಕಾಂತೀಕರಣ ಪೂರ್ತಿಯಾಗಿ ಮರಳಿ ಬರುತ್ತದೆ. ಮರಳಿ ಬರುವುದಕ್ಕೆ ‘ನಾಶ’ ಎನ್ನುವುದು ಸಲ್ಲದು.

ಈಗ ‘ಸಾಲುಗಟ್ಟು’ ಎಂಬ ಪದಕ್ಕೆ ಬರೋಣ. ನನ್ನ ದೃಷ್ಟಿಯಲ್ಲಿ ಲೇಖನದ ನಿಜವಾದ ತೊಡಕು ಇಲ್ಲಿದೆ. ಅತ್ಯಂತ ಸರಳವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ: ಪ್ರತಿ ಪರಮಾಣುವಿನಲ್ಲಿಯೂ ಜೋಡಿಯಿಲ್ಲದ ಒಂದೇ ಒಂದು ಎಲೆಕ್ಟ್ರಾನ್ ಇದೆ, ಅದರ ಮೊಮೆಂಟ್ ಕ್ಷೇತ್ರದ ಜೊತೆಗೆ ಅಥವಾ ಕ್ಷೇತ್ರಕ್ಕೆ ಎದುರಾಗಿ ಎರಡೇ ಬಗೆಯಲ್ಲಿ ಇರಬಲ್ಲದು. ಕ್ಷೇತ್ರ 1 ಟೆಸ್ಲಾ ಇರಲಿ. ಜೊತೆಯಾಗಿ ಇರುವುದಕ್ಕೂ ಎದುರಾಗಿ ಇರುವುದಕ್ಕೂ ಇರುವ ಶಕ್ತಿಯ ಅಂತರವನ್ನು, 300 ಕೆಲ್ವಿನ್‌ನಲ್ಲಿ ಉಷ್ಣಚಲನೆಯ ಶಕ್ತಿಯ ಅಳತೆಗೋಲಾದ kT ಜೊತೆ ಹೋಲಿಸಿದರೆ, ಆ ಅಂತರ kTಯ ಇನ್ನೂರರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ. ಪರಿಣಾಮವಾಗಿ ಹತ್ತು ಸಾವಿರ ಮೊಮೆಂಟ್‌ಗಳಲ್ಲಿ ಸರಾಸರಿ 5,011 ಜೊತೆಯಾಗಿರುತ್ತವೆ, 4,989 ಎದುರಾಗಿರುತ್ತವೆ. ನಾವು ಕಾಂತೀಕರಣ ಎಂದು ಅಳೆಯುವುದು ಈ 22ರ ಹೆಚ್ಚಳವನ್ನು ಮಾತ್ರ. ಇದನ್ನು ‘ಎಲ್ಲ ಸಾಲುಗಟ್ಟಿ ನಿಲ್ಲುತ್ತವೆ’ ಎಂದು ಓದಿದ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೂಡುವ ಚಿತ್ರಕ್ಕೂ ವಸ್ತುಸ್ಥಿತಿಗೂ ಸಂಬಂಧವೇ ಇಲ್ಲ. ತಾಪಮಾನವನ್ನು 600 ಕೆಲ್ವಿನ್‌ಗೆ ಏರಿಸಿದರೆ ಹೆಚ್ಚಳ ಸುಮಾರು 11ಕ್ಕೆ ಇಳಿಯುತ್ತದೆ, 150ಕ್ಕೆ ಇಳಿಸಿದರೆ ಸುಮಾರು 45ಕ್ಕೆ ಏರುತ್ತದೆ. ಕ್ಯೂರಿ ನಿಯಮ ಹೇಳುವುದು ಇದನ್ನೇ. ಅಷ್ಟೂ ಹೊತ್ತು ಒಂದೊಂದು ಪರಮಾಣುವಿನ ಮೊಮೆಂಟ್ ಕಿಂಚಿತ್ತೂ ಬದಲಾಗಿರುವುದಿಲ್ಲ.

‘ವಿಲೋಮಾನುಪಾತ’ ಎಂಬಲ್ಲಿಯೂ ಒಂದು ಎಚ್ಚರಿಕೆ ಬೇಕು. ಅದು ಕೆಲ್ವಿನ್ ತಾಪಮಾನಕ್ಕೆ ಮಾತ್ರ ಸಲ್ಲುತ್ತದೆ. ವಸ್ತುವನ್ನು 27 ಡಿಗ್ರಿ ಸೆಲ್ಸಿಯಸ್‌ನಿಂದ 54ಕ್ಕೆ ಕಾಯಿಸಿದರೆ ಕಾಂತೀಕರಣ ಅರ್ಧವಾಗುವುದಿಲ್ಲ, ನೂರಕ್ಕೆ ಎಂಟರಷ್ಟು ಮಾತ್ರ ತಗ್ಗುತ್ತದೆ. ಅರ್ಧವಾಗಬೇಕಾದರೆ 327 ಡಿಗ್ರಿಗೆ ಹೋಗಬೇಕು.

ಮೊದಲ ಉತ್ತರ ಬರೆದವರು ಮತ್ತೆ:

ಅಂಕಿಗಳು ಸ್ಪಷ್ಟವಾಗಿವೆ. ಆದರೂ ಕ್ಷೇತ್ರ ನಿಲ್ಲಿಸುತ್ತದೆ, ಶಾಖ ಕೆಡವುತ್ತದೆ ಎಂಬ ನನ್ನ ವಿವರಣೆಯಲ್ಲಿ ತಪ್ಪೇನಿದೆ ಎಂದು ತಿಳಿಯಲಿಲ್ಲ. ಹೆಚ್ಚಳ 22ರಿಂದ 11ಕ್ಕೆ ಇಳಿಯುವುದಕ್ಕೆ ಕಾರಣ ಅದೇ ಅಲ್ಲವೇ?

ಮೂರನೆಯ ಉತ್ತರ ಬರೆದವರು ಮತ್ತೆ:

ಅರ್ಧ ಭಾಗ ಸರಿ, ಅದನ್ನು ಒಪ್ಪುತ್ತೇನೆ. ಉಳಿದ ಅರ್ಧ ಹೀಗಿದೆ. ಶಾಖದ ಚಲನೆಯ ಸಂಪರ್ಕವೇ ಇಲ್ಲದ ಒಂಟಿ ಮೊಮೆಂಟನ್ನು ಕ್ಷೇತ್ರದಲ್ಲಿ ಇಟ್ಟರೆ ಅದು ಕ್ಷೇತ್ರದ ಕಡೆಗೆ ವಾಲಿ ನಿಲ್ಲುವುದಿಲ್ಲ. ತಿರುಗುವ ಬುಗುರಿಯ ಅಕ್ಷದಂತೆ ಕ್ಷೇತ್ರದ ಸುತ್ತ ಅದೇ ಕೋನದಲ್ಲಿ ಸುತ್ತುತ್ತಲೇ ಇರುತ್ತದೆ. ಅದು ಕ್ಷೇತ್ರದ ಜೊತೆಗೂಡಬೇಕಾದರೆ ತನ್ನ ಹೆಚ್ಚುವರಿ ಶಕ್ತಿಯನ್ನು ಯಾರಿಗಾದರೂ ಒಪ್ಪಿಸಬೇಕು, ಹಾಗೆ ಪಡೆದುಕೊಳ್ಳುವುದು ಸುತ್ತಲಿನ ಸ್ಫಟಿಕದ ಕಂಪನಗಳೇ. ಅಂದರೆ ಶಾಖದ ಚಲನೆ ಮೊಮೆಂಟನ್ನು ಎದುರು ದಿಕ್ಕಿಗೂ ಹೊರಳಿಸುತ್ತದೆ, ಜೊತೆಗೂ ಹೊರಳಿಸುತ್ತದೆ. ಎರಡೂ ಕಡೆಯ ಹೊರಳಾಟ ನಿರಂತರವಾಗಿ ನಡೆಯುತ್ತಿರುವಾಗ, ಎದುರಾಗುವುದಕ್ಕೆ ಸುತ್ತಲಿನಿಂದ ಶಕ್ತಿಯನ್ನು ಪಡೆಯಬೇಕು ಎಂಬ ಒಂದೇ ಕಾರಣದಿಂದ ಆ ಕಡೆಗಿನ ಹೊರಳು ಸ್ವಲ್ಪ ಅಪರೂಪವಾಗುತ್ತದೆ. ತಣ್ಣಗಿನ ಸ್ಫಟಿಕದಲ್ಲಿ ಆ ಶಕ್ತಿ ದುಬಾರಿ, ಬಿಸಿಯಾದದ್ದರಲ್ಲಿ ಅಗ್ಗ. ಎಷ್ಟು ಅಗ್ಗ ಎಂಬುದನ್ನು ನಿರ್ಧರಿಸುವುದು ಶಕ್ತಿಯ ಅಂತರವನ್ನು kTಯಿಂದ ಭಾಗಿಸಿದಾಗ ಬರುವ ಸಂಖ್ಯೆ ಮಾತ್ರ. ಆ ಸಂಖ್ಯೆ ಚಿಕ್ಕದಾಗಿರುವಷ್ಟು ಕಾಲ ಹೆಚ್ಚಳವು ಅದಕ್ಕೆ ಅನುಪಾತದಲ್ಲಿ ಇರುತ್ತದೆ, ತಾಪಮಾನವನ್ನು ಸೂಚಿಸುವ T ಛೇದದಲ್ಲಿ ಬರುವುದು ಅಲ್ಲಿಂದ. ಭೌತವಿಜ್ಞಾನಿ ಪಾಲ್ ಲಾಂಜೆವಾನ್ 1905ರಲ್ಲಿ ಯಾವ ದಿಕ್ಕಿಗೂ ತಿರುಗಬಲ್ಲ ಮೊಮೆಂಟ್‌ಗಳಿಗೆ ಈ ಲೆಕ್ಕವನ್ನು ಮಾಡಿ ತೋರಿಸಿದರು. ಆದ್ದರಿಂದ ‘ಕೆಡವು’, ‘ನಾಶಮಾಡು’ ಎಂಬ ಕ್ರಿಯೆಗಳು ಶಾಖಕ್ಕೆ ಒಂದೇ ಪಾತ್ರವನ್ನು ಕೊಟ್ಟುಬಿಡುತ್ತವೆ ಎಂಬುದು ನನ್ನ ಆಕ್ಷೇಪ.

ಲೇಖನದ ವಾಕ್ಯವನ್ನು ನಾನು ಹೀಗೆ ಬರೆಯುತ್ತಿದ್ದೆ: “ತಾಪಮಾನ ಏರಿದಂತೆ ಕ್ಷೇತ್ರದ ದಿಕ್ಕಿನಲ್ಲಿರುವ ಮೊಮೆಂಟ್‌ಗಳ ಹೆಚ್ಚಳ ಕುಗ್ಗುತ್ತದೆ, ಪ್ರತಿ ಮೊಮೆಂಟ್ ಮಾತ್ರ ಹಾಗೆಯೇ ಉಳಿಯುತ್ತದೆ.”

ನಾಲ್ಕನೆಯ ಉತ್ತರ (ರಸಾಯನ ಪ್ರಯೋಗಾಲಯದಲ್ಲಿ ಅಳತೆ ಮಾಡುವವರು):

‘ಕುಗ್ಗುತ್ತದೆ’ ಎಂಬುದು ನನಗೂ ಒಪ್ಪಿಗೆ. ಆದರೆ ಲೇಖನದಲ್ಲಿ ‘ವಿಲೋಮಾನುಪಾತದಲ್ಲಿ ಇರುತ್ತದೆ’ ಎಂದು ಎಲ್ಲ ಕಾಲಕ್ಕೂ ಸಲ್ಲುವಂತೆ ಬರೆದಿರುವುದನ್ನೂ ತಿದ್ದಬೇಕು. ಮೇಲಿನ ಒಂದು ಎಲೆಕ್ಟ್ರಾನಿನ ಉದಾಹರಣೆಯನ್ನೇ 1 ಟೆಸ್ಲಾದಲ್ಲಿ ಅರ್ಧ ಕೆಲ್ವಿನ್‌ಗೆ ಇಳಿಸಿ ನೋಡಿ. ವಿಲೋಮಾನುಪಾತದ ಸೂತ್ರ ಹತ್ತು ಸಾವಿರದಲ್ಲಿ 13,400ರ ಹೆಚ್ಚಳವನ್ನು ಕೊಡುತ್ತದೆ, ಅಂದರೆ ಇರುವುದಕ್ಕಿಂತ ಹೆಚ್ಚು! ನಿಜವಾದ ಉತ್ತರ ಸುಮಾರು 8,700. ‘ಸಾಲುಗಟ್ಟು’ ಎಂಬ ಪದ ಸಾರ್ಥಕವಾಗುವ ಜಾಗ ಇದ್ದರೆ ಅದು ಇದು, ಇಲ್ಲಿ ಕ್ಯೂರಿ ನಿಯಮ ಅನ್ವಯಿಸುವುದೇ ಇಲ್ಲ.

ಅಳತೆಯಲ್ಲಿ ನಾವು ಇದನ್ನು ಗುರುತಿಸುವ ಬಗೆ ಸರಳವಾಗಿದೆ. ಕಾಂತೀಕರಣವನ್ನು ಕ್ಷೇತ್ರದಿಂದ ಭಾಗಿಸಿ, ಬಂದದ್ದನ್ನು ತಾಪಮಾನದಿಂದ ಗುಣಿಸುತ್ತೇವೆ. ನಿಯಮ ನಡೆಯುತ್ತಿರುವವರೆಗೆ ಈ ಗುಣಲಬ್ಧ ತಾಪಮಾನದ ಜೊತೆ ಬದಲಾಗಬಾರದು, ಗೆರೆ ಮಲಗಿರಬೇಕು. ಮ್ಯಾಂಗನೀಸ್ ಲವಣವೊಂದರಲ್ಲಿ ನನ್ನ ಗೆರೆ ಕೋಣೆಯ ತಾಪಮಾನದಿಂದ ಬಹಳ ಕೆಳಗಿನವರೆಗೆ ಚೆನ್ನಾಗಿ ಮಲಗಿತ್ತು, ಕೊನೆಯ ಕೆಲವು ಕೆಲ್ವಿನ್‌ಗಳಲ್ಲಿ ಕೆಳಕ್ಕೆ ಬಾಗಿತು. ಇದಕ್ಕೆ ಎರಡು ಕಾರಣಗಳು ಸಾಧ್ಯ: ಕ್ಷೇತ್ರ ಹೆಚ್ಚಾಗಿ ಮೊಮೆಂಟ್‌ಗಳು ಬಹುಪಾಲು ಒಂದೇ ಕಡೆಗೆ ಬಂದಿರಬಹುದು, ಅಥವಾ ನೆರೆಯ ಮೊಮೆಂಟ್‌ಗಳು ಒಂದಕ್ಕೊಂದು ಎದುರಾಗಲು ತೊಡಗಿರಬಹುದು. ಕ್ಷೇತ್ರವನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿ ಮತ್ತೆ ಅಳೆದರೆ ಮೊದಲನೆಯದು ಮಾಯವಾಗುತ್ತದೆ, ಎರಡನೆಯದು ಉಳಿಯುತ್ತದೆ. ನನ್ನಲ್ಲಿ ಬಾಗು ಬಹುಮಟ್ಟಿಗೆ ಹೋಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದು ನೆರೆಹೊರೆಯ ಪ್ರಭಾವ ಎಂದು ನನ್ನ ಊಹೆ.

ಎರಡನೆಯ ಉತ್ತರ ಬರೆದವರು ಮತ್ತೆ:

ಕಬ್ಬಿಣವೂ 770 ಡಿಗ್ರಿಯ ಮೇಲೆ ಹೀಗೇ ಕ್ಯೂರಿ ನಿಯಮವನ್ನು ಪಾಲಿಸುತ್ತದೆಯೇ, ಅಥವಾ ಅಲ್ಲಿ ಏನೂ ಉಳಿದಿರುವುದಿಲ್ಲವೇ?

ಮೂರನೆಯ ಉತ್ತರ ಬರೆದವರು ಮತ್ತೆ:

ಉಳಿದಿರುತ್ತದೆ. ಆ ತಾಪಮಾನದ ಮೇಲೆ ಕಬ್ಬಿಣವೂ ಪ್ಯಾರಾಕಾಂತವೇ. ಆದರೆ ನೆರೆಹೊರೆಯ ಹಿಡಿತದ ನೆನಪು ಸೂತ್ರದಲ್ಲಿ ಉಳಿಯುತ್ತದೆ: ಛೇದದಲ್ಲಿ T ಇದ್ದ ಕಡೆ, Tಯಿಂದ ಒಂದು ಸ್ಥಿರಾಂಕವನ್ನು ಕಳೆದ ಸಂಖ್ಯೆ ಬರುತ್ತದೆ. ಇದನ್ನು ವಿವರಿಸಿದವರು ಭೌತವಿಜ್ಞಾನಿ ಪಿಯರ್ ವೈಸ್, 1907ರಲ್ಲಿ. ಲವಣದ ಗೆರೆಯಲ್ಲಿ ಉಳಿದ ಬಾಗಿಗೂ ಇದೇ ಸೂತ್ರವನ್ನು ಹೊಂದಿಸಿ ನೋಡಬಹುದು. ಊಹೆ ಸರಿಯಾಗಿದ್ದರೆ ಆ ಸ್ಥಿರಾಂಕ ಚಿಕ್ಕದಾದ ಋಣಸಂಖ್ಯೆಯಾಗಿ ಬರಬೇಕು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಮೊದಲ ವಾಕ್ಯದಲ್ಲಿ ಕರ್ತೃವನ್ನು ‘ಪರಮಾಣುಗಳು’ ಎಂಬುದರಿಂದ ‘ಹೆಚ್ಚಳ’ ಎಂಬುದಕ್ಕೆ ಬದಲಿಸುತ್ತೇನೆ, ‘ಕೆಲ್ವಿನ್ ತಾಪಮಾನ’, ‘ಕ್ಷೇತ್ರ ದುರ್ಬಲವಾಗಿ ತಾಪಮಾನ ತೀರಾ ಕಡಿಮೆಯಿಲ್ಲದಿದ್ದಾಗ’ ಎಂಬ ಮಾತುಗಳನ್ನೂ ಸೇರಿಸುತ್ತೇನೆ. ‘ಸಾಲುಗಟ್ಟು’ ಬದಲು ‘ಒಲವು’ ಎಂದರೆ ಹೇಗೆ? “ಮೊಮೆಂಟ್‌ಗಳಿಗೆ ಕ್ಷೇತ್ರದ ಕಡೆಗೆ ಅಲ್ಪ ಒಲವಿರುತ್ತದೆ” ಎಂದು.

ಮೊದಲ ಉತ್ತರ ಬರೆದವರು:

ನನಗೆ ಒಪ್ಪಿಗೆಯಿಲ್ಲ. ‘ಒಲವು’ ಎಂದರೆ ಪ್ರತಿ ಮೊಮೆಂಟೂ ತುಸು ವಾಲಿಕೊಂಡಿದೆ ಎಂದು ಮಕ್ಕಳು ತಿಳಿಯುತ್ತಾರೆ. 5,011 ಮತ್ತು 4,989ರ ಲೆಕ್ಕ ಅಲ್ಲಿ ಕಾಣೆಯಾಗುತ್ತದೆ.

ನಾಲ್ಕನೆಯ ಉತ್ತರ ಬರೆದವರು:

ಎರಡೇ ದಿಕ್ಕುಗಳಿರುವ ಉದಾಹರಣೆಗೆ ಆ ಆಕ್ಷೇಪ ಸರಿ. ಲಾಂಜೆವಾನ್ ಲೆಕ್ಕದಲ್ಲಿ ಮೊಮೆಂಟ್ ಯಾವ ಕೋನದಲ್ಲಾದರೂ ಇರಬಹುದು, ಅಲ್ಲಿ ಎಣಿಸುವುದಕ್ಕೆ ಎರಡು ಗುಂಪುಗಳೇ ಇಲ್ಲದ್ದರಿಂದ ‘ಹೆಚ್ಚಳ’ ಎಂಬ ಪದ ನಿಲ್ಲುವುದಿಲ್ಲ, ‘ಸರಾಸರಿ ಒಲವು’ ಎಂದೇ ಹೇಳಬೇಕಾಗುತ್ತದೆ. ಲೇಖನ ಯಾವ ಲೆಕ್ಕವನ್ನು ಅನುಸರಿಸುತ್ತದೆ ಎಂಬುದನ್ನು ಲೇಖಕರನ್ನೇ ಕೇಳಿ ತಿಳಿದುಕೊಳ್ಳಿ.