ಕೊಡ್ಲಿಲ್ಲ, ಕೊಟ್ಟಿಲ್ಲ

"ಚಿಕ್ಕಮ್ಮಾ, ಸರ್ಟಿಫಿಕೇಟ್ ಇನ್ನೂ ಬಂದಿಲ್ಲ ಅಂತ ಆಫೀಸಿಗೆ ಇಂಗ್ಲಿಷಲ್ಲಿ ಲೆಟರ್ ಬರೀಬೇಕು. ಓದಿದ್ದೆಲ್ಲಾ ಕನ್ನಡ ಮೀಡಿಯಂ, ಒಂದು ಲೈನ್ ಬರ್ದು ಮೂರು ಸಲ ಅಳಿಸ್ತೀನಿ. ಹೇಗೆ ಬರೀಲಿ?"

ನೋಡು ಪುಟ್ಟಾ, ಮೊದ್ಲು ವಿಷಯಾನ ಕನ್ನಡದಲ್ಲೇ ಒಂದ್ಸಲ ಜೋರಾಗಿ ಹೇಳ್ಕೋ. "ಜೂನ್ 3ಕ್ಕೆ ಅರ್ಜಿ ಹಾಕಿ, ಫೀಸ್ ಕಟ್ಟಿ, 20ಕ್ಕೆ ಹೋಗಿ ಕೇಳಿದ್ರೆ ಕೊಡ್ಲಿಲ್ಲ, ಇನ್ನೂ ಕೊಟ್ಟಿಲ್ಲ" ಅಂತೀಯ ತಾನೆ? ಹಾಕಿ, ಕಟ್ಟಿ, ಹೋಗಿ ಅಂತ ನಾವು ಒಂದೇ ಉಸಿರಲ್ಲಿ ಪೋಣಿಸ್ಕೊಂಡು ಹೋಗ್ತೀವಿ, ಅದನ್ನ ಹಾಗೇ ಇಂಗ್ಲಿಷಿಗೆ ತಂದ್ರೆ ಆ್ಯಂಡ್ ಆ್ಯಂಡ್ ಅಂತ ಸಿಕ್ಕಾಕೊಳ್ಳುತ್ತೆ, ಅದಕ್ಕೇ ಒಂದೊಂದು ಕೆಲಸಕ್ಕೂ ಒಂದೊಂದು ವಾಕ್ಯ ಮಾಡಿ ಫುಲ್‌ಸ್ಟಾಪ್ ಹಾಕ್ಬಿಡು. ಹಾಕಿ ಅಂದ್ರೆ ಯಾರು ಹಾಕಿದ್ದು ಅಂತ ಕನ್ನಡದಲ್ಲಿ ಹೇಳದೇ ಇದ್ರೂ ನಡೆಯುತ್ತೆ, ಇಂಗ್ಲಿಷಲ್ಲಿ ನೀನು ಮಾಡಿದ್ದು ಹೇಳೋ ಪ್ರತಿ ವಾಕ್ಯಕ್ಕೂ ಐ ಬೇಕೇ ಬೇಕು.

ಇನ್ನು ನೀನು ಅಳಿಸೋದು ಎಲ್ಲಿ ಅಂತ ನಂಗೊತ್ತು. ಡಿಡ್ ನಾಟ್ ಗೇವ್ ಅಂತ ಬರೀತೀಯ, ಆಗಿಹೋದ ಮಾತಲ್ವಾ ಅಂತ. ನಾನೂ ವರ್ಷಗಟ್ಟಲೆ ಹಾಗೇ ಬರ್ದಿದೀನಿ, ಕನ್ನಡ ಕಿವಿಗೊಟ್ಟು ಕೇಳಿದ್ಮೇಲೆ ಸರಿಹೋಯ್ತು. ಕೊಡಲಿಲ್ಲ ಅಂತೀವಿ, ಕೊಟ್ಟಲಿಲ್ಲ ಅಂತ ಯಾರೂ ಅನ್ನಲ್ಲ. ಅಲ್ಲೂ ಅಷ್ಟೇ, ಡಿಡ್ ನಾಟ್ ಆದ್ಮೇಲೆ ಬರೀ ಗಿವ್. ಆದ್ರೆ ಕೊಟ್ಟಿಲ್ಲ ಅನ್ನೋವಾಗ ಕೊಟ್ಟು ಒಳಗೇ ಕೂತಿದೆ ನೋಡು, ಅದಕ್ಕೆ ಹ್ಯಾವ್ ನಾಟ್ ಗಿವನ್. ಅವತ್ತಿಗೇ ಮುಗಿದಿದ್ದು ಕೊಡ್ಲಿಲ್ಲ, ಇವತ್ತಿಗೂ ಕಾಯ್ತಾ ಇರೋದು ಕೊಟ್ಟಿಲ್ಲ. ಈ ವ್ಯತ್ಯಾಸ ನಿನ್ನ ನಾಲಿಗೇಲಿ ಆಗ್ಲೇ ಇದೆ, ಹೊಸದಾಗಿ ಕಲಿಯೋದೇನಿಲ್ಲ.

ಒಂದು ಕಡೆ ಮಾತ್ರ ಕನ್ನಡ ದಾರಿ ತಪ್ಪಿಸುತ್ತೆ. "3ಕ್ಕೆ ಅರ್ಜಿ ಹಾಕಿದ್ದೀನಿ" ಅಂತ ನಾವು ಆರಾಮಾಗಿ ಹೇಳ್ತೀವಿ, ಆದ್ರೆ ಇಂಗ್ಲಿಷಲ್ಲಿ ಮುಗಿದುಹೋದ ತಾರೀಖು ಬಂತು ಅಂದ್ರೆ ಹ್ಯಾವ್ ಹಾಕಂಗಿಲ್ಲ, ಐ ಅಪ್ಲೈಡ್ ಆನ್ 3 ಜೂನ್ ಅಷ್ಟೇ.

ಈಗ ನಿನ್ನ ಲೆಟರ್ ಹೇಳ್ತೀನಿ, ಬರ್ಕೋ. ಐ ಅಪ್ಲೈಡ್ ಫಾರ್ ದ ಸರ್ಟಿಫಿಕೇಟ್ ಆನ್ 3 ಜೂನ್. ಐ ಪೇಯ್ಡ್ ದ ಫೀ ಆನ್ ದ ಸೇಮ್ ಡೇ. ಐ ಕೇಮ್ ಟು ದ ಆಫೀಸ್ ಆನ್ 20 ಜೂನ್. ದ ಸ್ಟಾಫ್ ಡಿಡ್ ನಾಟ್ ಗಿವ್ ಮಿ ದ ಸರ್ಟಿಫಿಕೇಟ್. ಐ ಹ್ಯಾವ್ ನಾಟ್ ರಿಸೀವ್ಡ್ ಇಟ್ ಯೆಟ್. ಪ್ಲೀಸ್ ಸೆಂಡ್ ಇಟ್ ಟು ದ ಅಡ್ರೆಸ್ ಬಿಲೋ. ಮುಗೀತು, ಆರೇ ವಾಕ್ಯ. ಕೊನೇಲಿ ಎಲ್ಲರೂ ಹಾಕ್ತಾರಲ್ಲ, ಡು ದ ನೀಡ್‌ಫುಲ್ ಅಂತ, ಅದು ಬೇಡ, ಓದೋರಿಗೆ ಏನು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ. ದ ಎಲ್ಲಾದ್ರೂ ಬಿಟ್ಟುಹೋದ್ರೆ ತಲೆ ಕೆಡಿಸ್ಕೋಬೇಡ, ಅರ್ಥ ಆಗುತ್ತೆ, ತಾರೀಖು ಮಾತ್ರ ರಸೀದಿ ಪಕ್ಕ ಇಟ್ಕೊಂಡು ಇನ್ನೊಂದ್ಸಲ ನೋಡ್ಕೋ. ರಸೀದಿ ಜೆರಾಕ್ಸ್ ಜೊತೆಗಿಡೋದು ಮರೀಬೇಡ. ಬರ್ದು ಫೋಟೋ ಹಾಕು, ರಾತ್ರಿ ನೋಡ್ತೀನಿ.